ಪದಚರ್ಚೆ: ‘ರಿಕ್ವೆಸ್ಟ್’ ಅನ್ನುವುದಕ್ಕೆ ಬೇಡಿಕೆಯೋ, ಕೋರಿಕೆಯೋ? (ಶುಕ್ರವಾರದೊಳಗೆ ಬೇಕು)

ಸುಧಾ, ತುಮಕೂರು

ಎಲ್ಲರಿಗೂ ನಮಸ್ಕಾರ. ಇಲ್ಲಿನ ಒಂದು ಹೆಣ್ಣುಮಕ್ಕಳ ಹಾಸ್ಟೆಲ್‌ನಲ್ಲಿ ಭಾನುವಾರ ಶಿಬಿರ ಇದೆ. ಜಗಳವಾಡಿಕೊಂಡ ಗೆಳತಿಯರು ಮತ್ತೆ ಮಾತಿಗೆ ಕೂರುವುದು ಹೇಗೆ ಅನ್ನುವುದೇ ವಿಷಯ. ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಷಲ್ ರೋಸೆನ್‌ಬರ್ಗ್ ಅವರ ನಾನ್‌ವಯಲೆಂಟ್ ಕಮ್ಯುನಿಕೇಶನ್, ಅಂದರೆ ಎದುರಿನವರನ್ನು ದೂರದೆ ಮಾತಾಡುವ ಪದ್ಧತಿಯ ನಾಲ್ಕು ಹೆಜ್ಜೆಗಳನ್ನು ನಾಲ್ಕು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸುತ್ತೇವೆ: ಅಬ್ಸರ್ವೇಶನ್, ಫೀಲಿಂಗ್, ನೀಡ್, ರಿಕ್ವೆಸ್ಟ್. ನಾನು ಹಾಕಿಕೊಂಡಿರುವುದು ಅವಲೋಕನ, ಅನಿಸಿಕೆ, ಅವಶ್ಯಕತೆ, ಬೇಡಿಕೆ. ಪ್ರಿಂಟಿನವರಿಗೆ ಶುಕ್ರವಾರ ಸಂಜೆಯೊಳಗೆ ಕೊಡಬೇಕು.

ಶಿಬಿರದಲ್ಲಿ ಬಳಸುವ ಜಗಳ ಇದು. ಒಬ್ಬಳ ಅಮ್ಮನಿಗೆ ಆಪರೇಷನ್ ಆಗಿತ್ತು. ಬುಧವಾರ ಸಂಜೆ ಆಸ್ಪತ್ರೆಗೆ ಬರುತ್ತೇನೆ ಅಂದ ಗೆಳತಿ ಬರಲಿಲ್ಲ. ಮಾರನೇ ದಿನ ಅವಳ ಸ್ಟೇಟಸ್‌ನಲ್ಲಿ ದೇವರಾಯನದುರ್ಗದ ಫೋಟೋ ಇತ್ತು. ಇವಳು ‘ನೀನು ಯಾವಾಗಲೂ ಹೀಗೇ, ಕಷ್ಟಕ್ಕೆ ಆಗಲ್ಲ’ ಅಂದುಬಿಟ್ಟಳು. ಅಲ್ಲಿಗೆ ಇಬ್ಬರ ಮಾತೂ ನಿಂತಿದೆ.

ನಂಜುಂಡಯ್ಯ, ಚಿಂತಾಮಣಿ

ಅವಲೋಕನ, ಅವಶ್ಯಕತೆ ಎರಡೂ ಸಂಸ್ಕೃತ. ತೆಗೆಯಿರಿ. ನೋಟ, ಅನಿಸಿಕೆ, ಬೇಕು, ಬೇಡಿಕೆ. ನಾಲ್ಕೂ ಅಚ್ಚಗನ್ನಡ. ‘ಬೇಕು’ ಹಳಗನ್ನಡದ ‘ಬೇಳ್ಕುಂ’ನಿಂದ ಬಂದದ್ದು. ‘ಬೇಡು’ ಕೂಡ ಅದೇ ಬುಡದ್ದು. ತಮಿಳಿನ ‘ವೇಂಡು’ ನೋಡಿ, ಬೇಕಾಗುವುದು, ಬೇಡುವುದು ಎರಡೂ ಅದರಲ್ಲೇ ಇವೆ. ಮೂರನೇ ಹೆಜ್ಜೆಯಿಂದಲೇ ನಾಲ್ಕನೆಯದು ಹುಟ್ಟುತ್ತದೆ ಅಂತ ಭಾಷೆಯೇ ತೋರಿಸುತ್ತಿರುವಾಗ ಹೊರಗಿನ ಪದ ಯಾಕೆ? ಇಡೀ ಪದ್ಧತಿಗೆ ‘ಮುನಿಸಿಲ್ಲದ ಮಾತು’ ಅಂತ ಹೆಸರಿಡಿ.

ಗೀತಾ, ಮಧುಗಿರಿ

ಸುಧಾ, ‘ಬೇಡಿಕೆ’ ಮಾತ್ರ ಹಾಕಬೇಡಿ. ಬುಡ ಯಾವುದೇ ಇರಲಿ, ಇವತ್ತು ಬೇಡಿಕೆ ಅಂದರೆ ಮುಷ್ಕರದ ಬ್ಯಾನರ್‌ನಲ್ಲಿ ಇರುವುದು. ‘ಈಡೇರಿಸದಿದ್ದರೆ’ ಅನ್ನುವುದು ಅದರ ಬೆನ್ನಿಗೇ ಬರುತ್ತದೆ. ರೋಸೆನ್‌ಬರ್ಗ್ ಒತ್ತಿ ಹೇಳಿದ ಮಾತೇ ಇದು. ಕೇಳಿದ್ದು ರಿಕ್ವೆಸ್ಟೋ ಡಿಮ್ಯಾಂಡೋ ಅನ್ನುವುದು ಕೇಳಿದ ದನಿಯಲ್ಲಿ ಗೊತ್ತಾಗುವುದಿಲ್ಲ. ಎದುರಿನವರು ‘ಆಗಲ್ಲ’ ಅಂದಾಗ ನಾವು ಏನು ಮಾಡುತ್ತೇವೆ ಅನ್ನುವುದರಲ್ಲಿ ಗೊತ್ತಾಗುತ್ತದೆ. ‘ಆಗಲ್ವಾ? ಸರಿ ಬಿಡು, ಗೊತ್ತಾಯ್ತು ನೀನೆಂಥವಳು’ ಅಂದರೆ ಅದು ಮೊದಲಿಂದಲೂ ಡಿಮ್ಯಾಂಡೇ ಆಗಿತ್ತು. ‘ಕೋರಿಕೆ’ ಹಾಕಿ.

‘ಅನಿಸಿಕೆ’ಯೂ ತಪ್ಪು. ಅದು ಅಭಿಪ್ರಾಯ. ಪತ್ರಿಕೆಯವರು ‘ನಿಮ್ಮ ಅನಿಸಿಕೆ ತಿಳಿಸಿ’ ಅನ್ನುವುದಿಲ್ಲವೇ? ಕನ್ನಡದಲ್ಲಿ ಎರಡನೇ ಹೆಜ್ಜೆ ಜಾರುವುದೇ ‘ಅನಿಸಿತು’ ಅನ್ನುವಲ್ಲಿ. ‘ನೀನು ನನ್ನನ್ನು ಲೆಕ್ಕಕ್ಕೇ ಇಟ್ಟಿಲ್ಲ ಅನಿಸಿತು’ ಅಂದರೆ ಕೇಳುವುದಕ್ಕೆ ನೋವಿನ ಮಾತಿನಂತಿದೆ. ಆದರೆ ಅದರೊಳಗೆ ಇರುವುದು ಗೆಳತಿಯ ಮೇಲಿನ ಆರೋಪ. ‘ಅನಿಸಿತು’ ಮುಂಚೆ ‘ನೀನು’ ಸೇರಿದ ಇಡೀ ವಾಕ್ಯ ಕೂತಿದ್ದರೆ ಅನುಮಾನ ಪಡಬೇಕು. ಬೇಜಾರಾಯಿತು, ಭಯ ಆಯಿತು, ಸಿಟ್ಟು ಬಂತು. ಇವು ಭಾವನೆ.

ನಂಜುಂಡಯ್ಯನವರೇ, ಮುನಿಸು ಇರಬಾರದು ಅಂತ ಇದರಲ್ಲಿ ಎಲ್ಲೂ ಇಲ್ಲ. ಸಿಟ್ಟಿಗೆ ಎರಡನೇ ಹೆಜ್ಜೆಯಲ್ಲೇ ಜಾಗ ಇದೆ.

ರಫೀಕ್, ಕೋಲಾರ

ನನ್ನ ಅನುಭವ ಹೇಳುತ್ತೇನೆ. ಚಿಕ್ಕಂದಿನ ಗೆಳೆಯನ ಜೊತೆ ದುಡ್ಡಿನ ವಿಷಯಕ್ಕೆ ಮನಸ್ತಾಪ ಬಂದಿತ್ತು. ಈ ನಾಲ್ಕು ಹೆಜ್ಜೆ ಓದಿಕೊಂಡು ಹೋಗಿ, ಒಂದೊಂದಾಗಿ ಹೇಳಿದೆ. ‘ನಾನು ಗಮನಿಸಿದ್ದೇನೆಂದರೆ’ ಅಂತ ಶುರು ಮಾಡುತ್ತಿದ್ದ ಹಾಗೆ ಅವನು ‘ಏನೋ ಇದು, ಭಾಷಣ ಮಾಡ್ತಾ ಇದೀಯಾ?’ ಅಂದ. ಇನ್ನೂ ದೂರ ಆದ. ಪದ ಸರಿಯಿದ್ದರೆ ಎಲ್ಲ ಸರಿಹೋಗುತ್ತದೆ ಅಂತ ನನಗೆ ನಂಬಿಕೆ ಇಲ್ಲ. ಹೋಗಲಿ, ‘ಅವಶ್ಯಕತೆ’ಗೆ ‘ಜರೂರತ್ತು’ ಹಾಕಬಹುದಲ್ಲ? ನಮ್ಮ ಕಡೆ ಎಲ್ಲರಿಗೂ ಗೊತ್ತು.

ನಂಜುಂಡಯ್ಯ, ಚಿಂತಾಮಣಿ

ಜರೂರತ್ತು ಅರಬ್ಬಿಯಿಂದ ಬಂದದ್ದು. ಕೋರಿಕೆ ತೆಲುಗಿನದ್ದು. ಒಂದನ್ನು ಬಿಡಿಸಿದರೆ ಇನ್ನೊಂದನ್ನು ತರುತ್ತೀರಿ. ಇದೇ ನಮ್ಮ ರೋಗ.

ರಫೀಕ್, ಕೋಲಾರ

ಸಾರ್, ನೀವು ಚಿಂತಾಮಣಿಯಲ್ಲಿ ಕೂತು ತೆಲುಗು ಹೊರಗಿನದು ಅಂತೀರಾ? ನಮ್ಮ ಬೀದಿಯಲ್ಲಿ ಒಂದೇ ವಾಕ್ಯದಲ್ಲಿ ಮೂರು ಭಾಷೆ ಬರುತ್ತವೆ. ಜಗಳವೂ ಹಾಗೇ ಆಡುತ್ತೇವೆ, ರಾಜಿಯೂ ಹಾಗೇ ಆಗುತ್ತೇವೆ.

ಗೀತಾ, ಮಧುಗಿರಿ

ರಫೀಕ್, ನಿಮಗೆ ಆದದ್ದು ತುಂಬಾ ಜನಕ್ಕೆ ಆಗುತ್ತದೆ. ಹತ್ತಿರದವರ ಜೊತೆ ದಿಢೀರಂತ ಪುಸ್ತಕದ ಮಾತು ತಂದರೆ ಅದೇ ಒಂದು ದೂರ ಆಗುತ್ತದೆ. ಮುಖ್ಯವಾದದ್ದು ಆ ನಾಲ್ಕರ ಅರಿವು, ಬಾಯಲ್ಲಿ ಬರುವ ಪದಗಳೇ ಅಲ್ಲ ಅಂತ ರೋಸೆನ್‌ಬರ್ಗ್ ಕೂಡ ಬರೆದಿದ್ದಾರೆ. ‘ನಾನು ಗಮನಿಸಿದ್ದೇನೆಂದರೆ’ ಬಿಟ್ಟು ‘ಲೋ, ಯುಗಾದಿಗೆ ಕೊಡ್ತೀನಿ ಅಂದಿದ್ದೆ, ಇನ್ನೂ ಬಂದಿಲ್ಲ’ ಅಂದಿದ್ದರೂ ಮೊದಲ ಹೆಜ್ಜೆ ಮುಗಿಯುತ್ತಿತ್ತು.

ಸುಧಾ, ನಿಮ್ಮ ಜಗಳಕ್ಕೆ ಬರುತ್ತೇನೆ. ‘ನಾನಿಲ್ಲಿ ಒದ್ದಾಡುವಾಗ ನೀನು ಬೆಟ್ಟ ಸುತ್ತುತ್ತಿದ್ದೆ’ ಅನ್ನುವುದು ಕಂಡದ್ದಲ್ಲ. ಇವಳು ಕಂಡದ್ದು ಫೋಟೋ ಮಾತ್ರ. ಅದು ಹೋದ ತಿಂಗಳದ್ದೂ ಇರಬಹುದು, ಅಲ್ವಾ? ‘ಬುಧವಾರ ಸಂಜೆ ಬರ್ತೀನಿ ಅಂದಿದ್ದೆ, ಬರಲಿಲ್ಲ, ಫೋನೂ ಬರಲಿಲ್ಲ. ಬೆಳಿಗ್ಗೆ ಸ್ಟೇಟಸ್‌ನಲ್ಲಿ ದುರ್ಗದ ಫೋಟೋ ನೋಡಿದೆ’ ಅಂದರೆ ಗೆಳತಿ ಅದಕ್ಕೆ ಇಲ್ಲ ಅನ್ನುವ ಹಾಗಿಲ್ಲ. ‘ಯಾವಾಗಲೂ’ ಅಂದರೆ ತಾನು ಬಂದಿದ್ದ ದಿನಗಳನ್ನು ಎಣಿಸುವುದಕ್ಕೆ ಶುರು ಮಾಡುತ್ತಾಳೆ. ಜಗಳ ಆ ಕಡೆ ಹೊರಳುತ್ತದೆ.

ಆಮೇಲೆ: ‘ಅಮ್ಮನ್ನ ಒಳಗೆ ಕರ್ಕೊಂಡು ಹೋದಾಗ ಭಯ ಆಯ್ತು ಕಣೇ. ಆ ಹೊತ್ತಲ್ಲಿ ಯಾರಾದರೂ ಪಕ್ಕದಲ್ಲಿ ಬೇಕಿತ್ತು.’ ಇಲ್ಲಿ ‘ಯಾರಾದರೂ’ ಅನ್ನುವುದನ್ನು ಗಮನಿಸಿ. ‘ನೀನೇ ಬರಬೇಕಿತ್ತು’ ಅಂದರೆ ಅದು ನೀಡ್ ಅಲ್ಲ, ಅದನ್ನು ತೀರಿಸುವ ಒಂದು ದಾರಿ. ಬೇಕಾಗಿದ್ದದ್ದು ಜೊತೆ. ಅಣ್ಣನೋ ಪಕ್ಕದ ಮನೆಯವರೋ ಬಂದಿದ್ದರೂ ಅದು ಸಿಗುತ್ತಿತ್ತು. ಹೀಗೆ ಬಿಡಿಸಿಕೊಂಡಾಗ ಗೆಳತಿಯ ಕುತ್ತಿಗೆ ಮೇಲಿನ ಹಿಡಿತ ಸಡಿಲ ಆಗುತ್ತದೆ.

ಕೊನೆಗೆ ಕೋರಿಕೆ. ‘ಇನ್ಮೇಲೆ ಹೀಗೆ ಮಾಡಬೇಡ’ ಅಂದರೆ ಅವಳು ಏನು ಮಾಡಬೇಕು ಅಂತಲೇ ಗೊತ್ತಾಗುವುದಿಲ್ಲ. ‘ಶನಿವಾರ ಆರು ಗಂಟೆಗೆ ಬರೋಕಾಗುತ್ತಾ? ಆಗದಿದ್ದರೆ ಮಧ್ಯಾಹ್ನವೇ ಒಂದು ಮೆಸೇಜ್ ಹಾಕ್ತೀಯಾ?’ ಇದಕ್ಕೆ ಹೂಂ ಅನ್ನಬಹುದು, ಊಹೂಂ ಅನ್ನಬಹುದು.

ಇದಕ್ಕೇ ನಂಜುಂಡಯ್ಯನವರ ‘ಬೇಕು’ ನನಗೆ ಒಪ್ಪಿಗೆಯಿಲ್ಲ. ‘ನನಗೆ ಜೊತೆ ಬೇಕು’, ‘ನೀನು ಬರಬೇಕು’. ಪದ ಒಂದೇ. ಮೊದಲನೆಯದರಲ್ಲಿ ನೀಡ್ ಇದೆ, ಎರಡನೆಯದರಲ್ಲಿ ಅಪ್ಪಣೆ ಇದೆ. ಹಾಸ್ಟೆಲ್ ಹುಡುಗಿಯರು ಹಾಳೆ ನೋಡಿ ಎರಡನೆಯದನ್ನೇ ಹೇಳಿಬಿಡುತ್ತಾರೆ.

ನಂಜುಂಡಯ್ಯ, ಚಿಂತಾಮಣಿ

ಬಳಸುವವರು ಕೆಡಿಸಿದರೆ ಪದದ ತಪ್ಪಲ್ಲ. ‘ಬೇಡಿಕೆ’ಯನ್ನು ಸಂಘದವರು ಕೆಡಿಸಿದರು ಅಂತ ನಾವು ಬಿಟ್ಟುಕೊಡಬೇಕೇ? ‘ಬೇಡು’ವವನ ಕೈ ಕೆಳಗಿರುತ್ತದೆ. ಇಲ್ಲ ಅಂದರೆ ಸುಮ್ಮನೆ ಹೋಗುತ್ತಾನೆ. ನೀವು ಹೇಳುವ ಪರೀಕ್ಷೆಯಲ್ಲಿ ಪಾಸಾಗುವುದು ಆ ಪದವೇ.

ಗೀತಾ, ಮಧುಗಿರಿ

ನಿಘಂಟಿನಲ್ಲಿ ಪಾಸಾಗುತ್ತದೆ. ಹಾಸ್ಟೆಲ್‌ನಲ್ಲಿ ಆಗುವುದಿಲ್ಲ. ಮತ್ತೆ, ಗೆಳತಿಯ ಮುಂದೆ ಕೈ ಕೆಳಗಿರಬೇಕು ಅಂತಲೂ ಇದರಲ್ಲಿ ಇಲ್ಲ.

ಸುಧಾ, ತುಮಕೂರು

ಎಲ್ಲರಿಗೂ ಥ್ಯಾಂಕ್ಸ್. ಪ್ರಿಂಟಿಗೆ ಕಳಿಸಿದೆ: ಕಂಡದ್ದು, ಆದದ್ದು, ಬೇಕಾದದ್ದು, ಕೋರಿಕೆ. ‘ಭಾವನೆ’ ಬದಲು ‘ಆದದ್ದು’ ಹಾಕಿದ್ದು ಬೇಜಾರಾಯಿತು, ಭಯ ಆಯಿತು ಅಂತ ಮಾತು ತಾನಾಗಿ ಹೊರಡಲಿ ಅಂತ. ಮೂರನೇ ಹಾಳೆಯ ಕೆಳಗೆ ಚಿಕ್ಕದಾಗಿ ‘ಇಲ್ಲಿ ಯಾರ ಹೆಸರೂ ಬೇಡ’ ಅಂತ ಸೇರಿಸಿದ್ದೇನೆ.

ನಂಜುಂಡಯ್ಯ, ಚಿಂತಾಮಣಿ

‘ಆದದ್ದು’ ಅಂದರೆ ನಡೆದ ಸಂಗತಿ ಅಂತ ಓದುತ್ತಾರೆ. ಅದು ಮೊದಲ ಹಾಳೆಯ ಅರ್ಥ.

ಸುಧಾ, ತುಮಕೂರು

ಹೌದಲ್ಲ. ಗೀತಕ್ಕ, ‘ನನಗೆ ಆದದ್ದು’ ಅಂದರೆ ಸಾಕೇ? ಪ್ರಿಂಟಿನವರಿಗೆ ಈಗಲೇ ಫೋನ್ ಮಾಡಿ ನಿಲ್ಲಿಸಿರುತ್ತೇನೆ.