ಸಹಾಯ ಬೇಕು: ಟ್ರೈಪಾಡ್ ಹೋಯ್ತು, ಜೋಡಣೆಯ ಗುರುತು ಉಳಿಯಿತು

360 ಡಿಗ್ರಿ ಪನೋರಮಾವನ್ನು ಹಗಿನ್ ತಂತ್ರಾಂಶದಲ್ಲಿ ಜೋಡಿಸುತ್ತಿದ್ದೇನೆ. ಟೈಲ್ಸ್ ನೆಲ. ಟ್ರೈಪಾಡ್ ಸರಿಸಿ, ಅದೇ ಜಾಗದ ಮೇಲೆ ಕ್ಯಾಮೆರಾ ಕೈಯಲ್ಲಿ ಹಿಡಿದು ನೆಲದ ಫೋಟೊ ತೆಗೆದೆ. ಉಳಿದ ಫೋಟೊಗಳಲ್ಲಿ ಟ್ರೈಪಾಡ್ ಕಾಲುಗಳಿಗೆ ಮಾಸ್ಕ್ ಹಾಕಿದೆ.

ಕಾಲು ಮಾಯವಾದವು, ಆದರೆ ಟೈಲ್ಸ್ ಗೆರೆ ಮುರಿದ ಹಾಗೆ ಕಾಣುತ್ತಿತ್ತು. ಕೈಯಲ್ಲಿ ಹಿಡಿದಾಗ ಕ್ಯಾಮೆರಾ ಒಂದಿಷ್ಟು ಪಕ್ಕಕ್ಕೆ ಹೋಗುತ್ತೆ ಅಲ್ವಾ? ಅದನ್ನು ಸರಿದೂಗಿಸಲು ಆ ಫೋಟೊಗೆ ಮಾತ್ರ ಕ್ಯಾಮೆರಾ ಸ್ಥಾನದ TrX, TrY, TrZ ಆಪ್ಟಿಮೈಸ್ ಮಾಡಿದೆ. ಇನ್ನೂ ಕೆಟ್ಟಿತು! ನೋಡಿದರೆ ಎರಡು ಕಂಟ್ರೋಲ್ ಪಾಯಿಂಟ್ ಕುರ್ಚಿಯ ಮೇಲೆ ಕೂತಿದ್ದವು. ನೆಲದ ಮೇಲಿನವನ್ನಷ್ಟೇ ಉಳಿಸಿದ ಮೇಲೆ ಗೆರೆಗಳು ಕೂಡಿದವು.

ಈಗ ಉಳಿದಿರುವುದು ನನ್ನ ನೆರಳು. ಜೋಡಣೆಯ ಅಂಚಿನಲ್ಲಿ ಮಬ್ಬು ಕಲೆ. ಬ್ಲೆಂಡಿಂಗ್‌ನಿಂದ ಹೋಗಲಿಲ್ಲ, ಸುಮ್ನೆ ಅಗಲವಾಯಿತು. ಮಾಸ್ಕ್ ಅಂಚನ್ನು ಟೈಲ್ಸ್ ಸಂದಿಯ ಮೇಲೇ ಎಳೆದರೆ ಕಲೆ ಅಡಗುತ್ತದೆಯೇ? ಇಲ್ಲಾ ತಳಭಾಗವನ್ನು ಚಪ್ಪಟೆ ಚಿತ್ರವಾಗಿ ತೆಗೆದು, ಕ್ಲೋನ್ ಮಾಡಿ ವಾಪಸ್ ಕೂರಿಸಬೇಕೇ? ಮಾಡಿದವರು ಹೇಳಿ.