ಸಹಾಯ ಬೇಕು: ಮಾರ್ಚ್ 31ರ ಬಡ್ಡಿ, ಇನ್ಶೂರೆನ್ಸ್ ಎಂಟ್ರಿ

ಎಲ್ಲರಿಗೂ ನಮಸ್ಕಾರ. ಒಂದು ಹಾರ್ಡ್‌ವೇರ್ ಅಂಗಡಿಯ ಲೆಕ್ಕ ಮುಗಿಸುತ್ತಿದ್ದೇನೆ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗಿದೆ, ಆದರೆ ಎರಡು ಹೊಂದಾಣಿಕೆ ಬಾಕಿ ಇವೆ.

ಗೋಡೌನ್ ಇನ್ಶೂರೆನ್ಸ್‌ಗೆ ಅಕ್ಟೋಬರ್ 1ರಂದು 18,000 ಕಟ್ಟಿದ್ದಾರೆ, ಒಂದು ವರ್ಷದ ಪಾಲಿಸಿ. ಪೂರ್ತಿ ಖರ್ಚಿಗೆ ಹೋಗಿದೆ. ಆರು ತಿಂಗಳದ್ದು ಮುಂದಿನ ವರ್ಷಕ್ಕೆ ಸೇರಬೇಕಲ್ವಾ? ಹಾಗಾಗಿ ಪ್ರೀಪೇಡ್ ಇನ್ಶೂರೆನ್ಸ್ ಡೆಬಿಟ್, ಇನ್ಶೂರೆನ್ಸ್ ಕ್ರೆಡಿಟ್, 9,000 ಹಾಕಿದೆ. ಇದು ಸರಿ ಅಂತ ಧೈರ್ಯ ಇದೆ.

ತಲೆನೋವು ಬಡ್ಡಿಯದ್ದು. 4 ಲಕ್ಷ ಸಾಲ, ವರ್ಷಕ್ಕೆ ಶೇ 12, ಆರು ತಿಂಗಳಿಗೊಮ್ಮೆ ಬಡ್ಡಿ. ಡಿಸೆಂಬರ್‌ವರೆಗಿನದ್ದು ಕಟ್ಟಿಯಾಗಿದೆ. ಜನವರಿಯಿಂದ ಮಾರ್ಚ್‌ವರೆಗಿನ 12,000ಕ್ಕೆ ಬಡ್ಡಿ ಡೆಬಿಟ್, ಬಾಕಿ ಬಡ್ಡಿ ಕ್ರೆಡಿಟ್ ಮಾಡಿದೆ. ಜೂನ್ 30ಕ್ಕೆ 24,000 ಕಟ್ಟುವಾಗ ಅಂಗಡಿಯ ಹುಡುಗ ಸುಮ್ನೆ ಪೂರ್ತಿ ಬಡ್ಡಿ ಖಾತೆಗೇ ಹಾಕುತ್ತಾನೆ. ಆಗ ಹೊಸ ವರ್ಷದಲ್ಲಿ ಬಡ್ಡಿ 12,000 ಜಾಸ್ತಿ ಕಾಣುತ್ತದೆ, ಬಾಕಿ ಬಡ್ಡಿ ಹಾಗೇ ಉಳಿಯುತ್ತದೆ.

ಏಪ್ರಿಲ್ 1ಕ್ಕೇ ಉಲ್ಟಾ ಎಂಟ್ರಿ ಹಾಕಿಬಿಡಲಾ, ಇಲ್ಲ ಕಟ್ಟುವ ದಿನ ಎರಡು ಭಾಗ ಮಾಡಿಸಲಾ? ನೀವು ಯಾವುದನ್ನು ಮಾಡುತ್ತೀರಿ? ಇನ್ಶೂರೆನ್ಸ್‌ನ 9,000ಕ್ಕೂ ಅದೇ ದಿನ ಉಲ್ಟಾ ಮಾಡಬಹುದಾ, ದಯವಿಟ್ಟು ತಿಳಿಸಿ.