ಕೂತರೆ ಏಳೋಕಾಗಲ್ಲ, ಮೂಳೆ ಮುಟ್ಟಿದರೂ ನೋವು: ಇಂಜೆಕ್ಷನ್ ತಗೊಳ್ಳಲೇ?

ಪ್ರಶ್ನೆ: ನನಗೆ 36 ವರ್ಷ. ಐದು ವರ್ಷದಿಂದ ರಾತ್ರಿ ಪಾಳಿ, ಹಗಲು ಪರದೆ ಎಳೆದು ಮಲಗುತ್ತೇನೆ. ಒಂದು ವರ್ಷದಿಂದ ಸೊಂಟ, ಪಕ್ಕೆಲುಬು, ಕಣಕಾಲು ಎಲ್ಲ ಕಡೆ ನೋವು. ನೆಲದಿಂದ ಏಳಲು ಯಾರಾದರೂ ಕೈ ಕೊಡಬೇಕು. ಮೊದಲು ಫೈಬ್ರೋಮಯಾಲ್ಜಿಯಾ ಎಂದರು. ಈಗ ಡೆಕ್ಸಾ ಸ್ಕ್ಯಾನ್‌ನಲ್ಲಿ ಮೂಳೆ ಸಾಂದ್ರತೆ ತುಂಬಾ ಕಡಿಮೆ ಬಂದಿದೆ, ಆಸ್ಟಿಯೋಪೊರೋಸಿಸ್ ಅಂತೆ. ಮುಂದಿನ ವಾರ ಜೊಲೆಡ್ರೊನಿಕ್ ಆಸಿಡ್ ಇಂಜೆಕ್ಷನ್ ಬರೆದಿದ್ದಾರೆ. ರಕ್ತದಲ್ಲಿ ಕ್ಯಾಲ್ಸಿಯಂ 8.1, ಫಾಸ್ಫರಸ್ 2.1, ಎಎಲ್‌ಪಿ 412. ಕಿಡ್ನಿ, ಲಿವರ್, ಇಎಸ್‌ಆರ್, ಸ್ನಾಯುವಿನ ಸಿಕೆ ಟೆಸ್ಟ್ ಎಲ್ಲ ಸರಿ ಇವೆ. ತಗೊಳ್ಳಬಹುದಾ?

ಡಾಕ್ಟರ್ (ಹಾರ್ಮೋನ್ ವಿಭಾಗ): ಸದ್ಯಕ್ಕೆ ಬೇಡಮ್ಮ. ನಾಳೆಯೇ ಅದನ್ನು ಬರೆದ ಡಾಕ್ಟರಿಗೆ ಫೋನ್ ಮಾಡಿ, ಈ ಮೂರು ಸಂಖ್ಯೆ ಓದಿ ಹೇಳಿ, ವಿಟಮಿನ್ ಡಿ ನೋಡುವವರೆಗೆ ತಡೆಯಲು ಕೇಳಿ.

ನನ್ನ ಕಣ್ಣು ಮೊದಲು ಹೋಗಿದ್ದು ಎಎಲ್‌ಪಿ ಮೇಲೆ. ಅದು ಲಿವರಿನಿಂದಲೂ ಬರುತ್ತದೆ, ಮೂಳೆಯಿಂದಲೂ ಬರುತ್ತದೆ. ಲಿವರಿನ ಬೇರೆ ಟೆಸ್ಟೆಲ್ಲ ಸರಿಯಿದ್ದರೆ ಮೂಳೆಯನ್ನೇ ಅನುಮಾನಿಸಬೇಕು. ಬರೀ ಆಸ್ಟಿಯೋಪೊರೋಸಿಸ್‌ನಲ್ಲಿ, ಹೊಸದಾಗಿ ಮೂಳೆ ಮುರಿದಿಲ್ಲದಿದ್ದರೆ, ಎಎಲ್‌ಪಿ ಇಷ್ಟು ಏರುವುದಿಲ್ಲ. ಫಾಸ್ಫರಸ್ ಇಳಿಯುವುದಿಲ್ಲ. ಅಷ್ಟೇ ಅಲ್ಲ, ಮುರಿಯುವವರೆಗೆ ಆ ಕಾಯಿಲೆ ನೋಯುವುದೂ ಇಲ್ಲ. ನಿಮಗೆ ಮುಟ್ಟಿದರೇ ನೋವು.

ಮನೆ ಕಟ್ಟುವುದನ್ನು ನೆನೆಸಿಕೊಳ್ಳಿ. ಕಂಬಿ ಕಟ್ಟಿದ್ದಾರೆ, ಕಾಂಕ್ರೀಟ್ ಸುರಿದಿಲ್ಲ. ಮೂಳೆಯೂ ಹಾಗೇ, ಮೊದಲು ಪ್ರೋಟೀನಿನ ಹಂದರ ಬರುತ್ತದೆ, ಆಮೇಲೆ ಅದರಲ್ಲಿ ಕ್ಯಾಲ್ಸಿಯಂ, ಫಾಸ್ಫೇಟ್ ಕೂತು ಗಟ್ಟಿಯಾಗುತ್ತದೆ. ವಿಟಮಿನ್ ಡಿ ಇಲ್ಲದೆ ಕರುಳು ಕ್ಯಾಲ್ಸಿಯಂ ಸರಿಯಾಗಿ ಹೀರುವುದಿಲ್ಲ. ಆಗ ಪ್ಯಾರಾಥೈರಾಯ್ಡ್ ಗ್ರಂಥಿ ಮೂಳೆಯಿಂದ ಕ್ಯಾಲ್ಸಿಯಂ ಎಳೆದು ರಕ್ತಕ್ಕೆ ಬಿಡುತ್ತದೆ, ಅದರ ಜೊತೆಗೇ ಮೂತ್ರದಲ್ಲಿ ಫಾಸ್ಫೇಟ್ ಹೊರಗೆ ಕಳಿಸುತ್ತದೆ. ಹಂದರ ಬೆಳೆಯುತ್ತಲೇ ಇರುತ್ತದೆ, ಗಟ್ಟಿಯಾಗುವುದಿಲ್ಲ. ಇದೇ ಆಸ್ಟಿಯೋಮಲೇಸಿಯಾ, ಮೆದು ಮೂಳೆ. ಡೆಕ್ಸಾ ಅಳೆಯುವುದು ಖನಿಜವನ್ನು ಮಾತ್ರ. ಕಾಂಕ್ರೀಟ್ ಕಮ್ಮಿ ಎಂದಷ್ಟೇ ಹೇಳುತ್ತದೆ, ಯಾಕೆ ಕಮ್ಮಿ ಎಂದು ಅದಕ್ಕೆ ಗೊತ್ತಿಲ್ಲ.

ಆ ಇಂಜೆಕ್ಷನ್ ಮೂಳೆಯಿಂದ ಕ್ಯಾಲ್ಸಿಯಂ ಬರುವ ನಲ್ಲಿಯನ್ನು ಮುಚ್ಚುತ್ತದೆ. ನಿಮ್ಮ ರಕ್ತ ಈಗ ಬದುಕಿರುವುದೇ ಆ ನಲ್ಲಿಯ ಮೇಲೆ. ಮುಚ್ಚಿದರೆ ಕ್ಯಾಲ್ಸಿಯಂ ದಿಢೀರನೆ ಇಳಿದು ಕೈಬೆರಳು ಸೆಟೆದುಕೊಳ್ಳಬಹುದು, ಫಿಟ್ಸ್ ಬರಬಹುದು, ಹೃದಯದ ಬಡಿತವೂ ಕೆಡಬಹುದು.

25 ಹೈಡ್ರಾಕ್ಸಿ ವಿಟಮಿನ್ ಡಿ, ಪ್ಯಾರಾಥೈರಾಯ್ಡ್ ಹಾರ್ಮೋನ್ ಅಂದರೆ ಪಿಟಿಎಚ್ ಟೆಸ್ಟ್ ಮಾಡಿಸಿ. ಸೊಂಟ, ಎರಡೂ ತೊಡೆಗಳ ಎಕ್ಸ್‌ರೇ ಬೇಕು. ಫಿಟ್ಸ್ ಮಾತ್ರೆ ಏನಾದರೂ ನುಂಗುತ್ತೀರಾ? ಹೊಟ್ಟೆಯ ಆಪರೇಷನ್ ಆಗಿದೆಯಾ? ಬೇಧಿ ಇದೆಯಾ?

ಸದಸ್ಯ: ಇದಕ್ಕೆ ಇಷ್ಟೆಲ್ಲ ಯಾಕೆ? ಡಿ ಕಮ್ಮಿ ಅಷ್ಟೇ. 60,000 ಯೂನಿಟ್‌ನ ಡಿ ಕ್ಯಾಪ್ಸೂಲ್ ದಿನಾ ಒಂದು, ಎರಡು ತಿಂಗಳು ನುಂಗಿ. ಬೆಳಿಗ್ಗೆ ಕಿಟಕಿ ಹತ್ತಿರ ಬಿಸಿಲಿಗೆ ಕೂತ್ಕೊಳ್ಳಿ. ನಾನು ಹಾಗೇ ಸರಿಹೋದೆ.

ಡಾಕ್ಟರ್: ಕಾಯಿಲೆ ಸರಿಯಾಗಿ ಹೇಳಿದಿರಿ ಸರ್, ಲೆಕ್ಕ ತಪ್ಪಿತು. ಸಾಮಾನ್ಯವಾಗಿ ಆ ಕ್ಯಾಪ್ಸೂಲ್ ವಾರಕ್ಕೆ ಒಂದು, ಎಂಟು ವಾರ. ದಿನಾ ನುಂಗಿ, ವಾಂತಿ, ಗೊಂದಲ, ಕಿಡ್ನಿ ಏಟಿನೊಂದಿಗೆ ಬಂದವರನ್ನು ನೋಡಿದ್ದೇನೆ. ಡಿ ಕೊಬ್ಬಿನಲ್ಲಿ ಕೂತುಬಿಡುತ್ತದೆ, ನಿಲ್ಲಿಸಿದರೂ ಬೇಗ ಇಳಿಯುವುದಿಲ್ಲ. ಇನ್ನು ಮುಚ್ಚಿದ ಗಾಜಿನ ಕಿಟಕಿಯಲ್ಲಿ ಬಿಸಿಲು ಬರುತ್ತದೆ, ಡಿ ಮಾಡುವ ಯುವಿಬಿ ಕಿರಣ ಬರುವುದಿಲ್ಲ. ಸುಮ್ನೆ ಬೆಚ್ಚಗಾಗುತ್ತೀರಿ ಅಷ್ಟೇ.

ಫಿಸಿಯೋಥೆರಪಿಸ್ಟ್: ಏಳುವಾಗ ಕೈಯನ್ನು ತೊಡೆ ಮೇಲೆ ಊರಿ ಹತ್ತುತ್ತೀರಾ? ಬಾತುಕೋಳಿ ಹಾಗೆ ಓಲಾಡಿಕೊಂಡು ನಡೆಯುತ್ತೀರಾ? ಸೊಂಟದ ಸುತ್ತಲಿನ ಸ್ನಾಯು ಸೋತಿರುತ್ತೆ. ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮ ಈಗಲೇ ಶುರು ಮಾಡಿ.

ಪ್ರಶ್ನೆ ಕೇಳಿದವರು: ಹೌದು, ಹಾಗೇ ನಡೆಯುತ್ತೇನೆ! ಮನೆಯಲ್ಲಿ ನಗುತ್ತಾರೆ. ತಲೆ ಬಾಚಲು ಕೈ ಎತ್ತಿದರೂ ಸೋಲುತ್ತದೆ. ಬೆರಳಿನ ಹಿಡಿತ ಮಾತ್ರ ಚೆನ್ನಾಗಿದೆ. ಬೇರೆ ಮಾತ್ರೆ, ಆಪರೇಷನ್ ಏನೂ ಇಲ್ಲ. ಹೊಟ್ಟೆ ಆಗಾಗ ಉಬ್ಬರಿಸುತ್ತದೆ ಅಷ್ಟೇ.

ಡಾಕ್ಟರ್: ಈ ಹಂಚಿಕೆ ಆಸ್ಟಿಯೋಮಲೇಸಿಯಾಕ್ಕೆ ಹೊಂದುತ್ತದೆ. ಭುಜ, ಸೊಂಟದ ದೊಡ್ಡ ಸ್ನಾಯು ಸೋಲುತ್ತವೆ, ಸಿಕೆ ಮಾತ್ರ ಸಾಮಾನ್ಯವಾಗಿ ಏರುವುದಿಲ್ಲ. ವ್ಯಾಯಾಮಕ್ಕೆ ಆತುರ ಬೇಡ. ಮೊದಲು ಎಕ್ಸ್‌ರೇ.

ಇನ್ನೊಬ್ಬರು: ನನಗೂ ಎದ್ದು ಕೂರುವಾಗ ಮಂಡಿ ಕಟಕಟ ಅನ್ನುತ್ತೆ ಡಾಕ್ಟರೇ, ವಯಸ್ಸು 61. ಡಿ 24 ಇದೆ. ನನ್ನದೂ ಮೆದು ಮೂಳೆನಾ?

ಡಾಕ್ಟರ್: 24ಕ್ಕೆ ಮೂಳೆ ಮೆದುವಾಗುವುದಿಲ್ಲಮ್ಮ. ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ 10ಕ್ಕಿಂತ ಕೆಳಗೆ ಇರುತ್ತದೆ. ನಿಮ್ಮದು ಮಂಡಿ ಸವೆತ ಇರಬಹುದು, ಬೇರೆಯಾಗಿ ತೋರಿಸಿ.

ಪ್ರಶ್ನೆ ಕೇಳಿದವರು (ಒಂದು ವಾರದ ನಂತರ): ಇಂಜೆಕ್ಷನ್ ತಡೆದರು. ಡಿ 4.6, ಪಿಟಿಎಚ್ 310. ಎಕ್ಸ್‌ರೇಯಲ್ಲಿ ಬಲ ತೊಡೆ ಮೂಳೆಯ ಕತ್ತಿನ ಒಳಭಾಗದಲ್ಲಿ ಒಂದು ಅಡ್ಡ ಗೆರೆ ಇದೆಯಂತೆ. ಬಿದ್ದೇ ಇಲ್ಲ ನಾನು!

ಡಾಕ್ಟರ್: ಬೀಳಬೇಕಿಲ್ಲ. ಅದನ್ನು ಲೂಸರ್ ಗೆರೆ ಎನ್ನುತ್ತೇವೆ. ಮೆದು ಮೂಳೆ ಭಾರ ತಡೆಯುವ ಜಾಗದಲ್ಲಿ ಅರ್ಧ ಸೀಳಿ, ಮಾಯದೆ ಹಾಗೇ ನಿಂತಿರುತ್ತದೆ. ಪೂರ್ತಿ ಮುರಿಯಲೂಬಹುದು. ಇವತ್ತೇ ಊರುಗೋಲು ಹಿಡಿಯಿರಿ, ಆರ್ಥೋಪೆಡಿಕ್ ಡಾಕ್ಟರಿಗೆ ತೋರಿಸಿ. ಡಿ ಜೊತೆಗೆ ದಿನಕ್ಕೆ ಸುಮಾರು 1 ಗ್ರಾಂ ಕ್ಯಾಲ್ಸಿಯಂ ಬೇಕು, ಅದನ್ನು ಎರಡು ಹೊತ್ತಾಗಿ. ಹಂದರ ಹಸಿದು ಕೂತಿದೆ, ಬರೀ ಡಿ ಕೊಟ್ಟರೆ ರಕ್ತದ ಕ್ಯಾಲ್ಸಿಯಂ ಎಲ್ಲ ಎಳೆದುಕೊಂಡು ಬಿಡಬಹುದು. ಬಾಯಿ ಸುತ್ತ ಜುಮ್ಮೆಂದರೆ, ಕೈ ಸೆಟೆದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಪ್ರಮಾಣವನ್ನು ನಿಮ್ಮ ಡಾಕ್ಟರೇ ಬರೆಯಲಿ, ಕ್ಯಾಲ್ಸಿಯಂ ಒಂದೆರಡು ವಾರದಲ್ಲಿ ಮತ್ತೆ ನೋಡಬೇಕು.

ಫಿಸಿಯೋಥೆರಪಿಸ್ಟ್: ವ್ಯಾಯಾಮ ಹೇಳಿದ್ದು ವಾಪಸ್ ತಗೊಂಡೆ. ಈ ಗೆರೆ ಇರುವಾಗ ಬೇಡವೇ ಬೇಡ.

ಪ್ರಶ್ನೆ ಕೇಳಿದವರು (ಹತ್ತು ವಾರದ ನಂತರ): ಕುರ್ಚಿಯಿಂದ ಕೈ ಊರದೆ ಎದ್ದೆ! ಕಣಕಾಲು ಒತ್ತಿದರೆ ನೋವು ಕಮ್ಮಿ. ಕ್ಯಾಲ್ಸಿಯಂ 8.6. ಆದರೆ ಎಎಲ್‌ಪಿ 412 ಇದ್ದದ್ದು 498 ಆಗಿದೆ. ಎಂಟು ಕ್ಯಾಪ್ಸೂಲ್ ಮುಗಿದ ಮೇಲೂ ಡಿ 11 ಅಷ್ಟೇ. ಏನು ತಪ್ಪಾಯಿತು?

ಡಾಕ್ಟರ್: ಎಎಲ್‌ಪಿಗೆ ಹೆದರಬೇಡಿ. ಹಂದರಕ್ಕೆ ಕಾಂಕ್ರೀಟ್ ಸುರಿಯುವ ಕೆಲಸ ಶುರುವಾದಾಗ ಅದು ಮೊದಲು ಸ್ವಲ್ಪ ಏರಬಹುದು, ಇಳಿಯಲು ತಿಂಗಳುಗಳೇ ಬೇಕು. ಶಕ್ತಿ ಬೇಗ ಬರುತ್ತದೆ, ಮೂಳೆ ಪೂರ್ತಿ ಗಟ್ಟಿಯಾಗಲು ಒಂದು ವರ್ಷವೂ ಹಿಡಿಯಬಹುದು. ಗೆರೆ ಮಾಯುವವರೆಗೆ ಊರುಗೋಲು ಬಿಡಬೇಡಿ.

ನನ್ನನ್ನು ಕೊರೆಯುತ್ತಿರುವುದು ಆ 11. ಎಲ್ಲವನ್ನೂ ನುಂಗಿದ್ದರೆ ಇದಕ್ಕಿಂತ ಜಾಸ್ತಿ ಏರಬೇಕಿತ್ತು. ಒಂದೂ ತಪ್ಪಿಲ್ಲ ತಾನೇ? ತಪ್ಪಿಲ್ಲವೆಂದರೆ ಕರುಳು ಹೀರುತ್ತಿದೆಯೋ ಇಲ್ಲವೋ ನೋಡಬೇಕು. ಹೊಟ್ಟೆ ಉಬ್ಬರವನ್ನು ನಾನು ಅವತ್ತೇ ಹಿಡಿಯಬೇಕಿತ್ತು. ಗೋಧಿಯ ಗ್ಲುಟೆನ್‌ನಿಂದ ಕರುಳು ಕೆಡುವ ಸೀಲಿಯಾಕ್ ಕಾಯಿಲೆಯ ಟಿಟಿಜಿ ರಕ್ತ ಪರೀಕ್ಷೆ ಮಾಡಿಸಿ, ಹಿಮೋಗ್ಲೋಬಿನ್, ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್ ಕೂಡ. ಅದು ಬರುವವರೆಗೆ ಗೋಧಿ ಬಿಡಬೇಡಿ, ಬಿಟ್ಟರೆ ಟೆಸ್ಟ್ ಸುಳ್ಳು ಹೇಳಬಹುದು.

ಪ್ರಶ್ನೆ ಕೇಳಿದವರು: ಎಂಟನ್ನೂ ಭಾನುವಾರ ಭಾನುವಾರ ನುಂಗಿದ್ದೇನೆ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಹಿಮೋಗ್ಲೋಬಿನ್ ಹಳೇ ರಿಪೋರ್ಟಿನಲ್ಲಿ 9.4 ಇದೆ, ಯಾರೂ ಏನೂ ಹೇಳಿರಲಿಲ್ಲ. ಸೋಮವಾರ ರಕ್ತ ಕೊಡುತ್ತೇನೆ.